ಹೆಸರು ಹೇಳಿದರೆ ಹೊಟ್ಟೆಕಿಚ್ಚು, ಬಿಟ್ಟರೆ ಬೇಜಾರು: ಹೋಟೆಲ್ ವಾರ್ಷಿಕೋತ್ಸವದಲ್ಲಿ ಮ್ಯಾನೇಜರ್ ಏನು ಮಾತಾಡಬೇಕು?

ಪ್ರಶ್ನೆ: ಮೈಸೂರಿನ 60 ರೂಮಿನ ಹೋಟೆಲೊಂದಕ್ಕೆ ಎಂಟು ತಿಂಗಳ ಹಿಂದೆ ಜನರಲ್ ಮ್ಯಾನೇಜರ್ ಆದೆ. ಫ್ರಂಟ್ ಆಫೀಸಿನಿಂದ ಮೇಲೆ ಬಂದವಳು. ಮುಂದಿನ ತಿಂಗಳು ನಮ್ಮ ವಾರ್ಷಿಕೋತ್ಸವ. ಸಿಬ್ಬಂದಿ 96 ಜನ, ಅದರಲ್ಲಿ 20 ಜನ ಗುತ್ತಿಗೆಯವರು. ಅರ್ಧದಷ್ಟು ಜನಕ್ಕೆ ಕನ್ನಡ ಸರಿಯಾಗಿ ಬರುವುದಿಲ್ಲ. ಮಾಲೀಕರು ವೇದಿಕೆ ಮೇಲಿರುತ್ತಾರೆ, ಸಿಬ್ಬಂದಿಯ ಮನೆಯವರೂ ಬರುತ್ತಾರೆ. ನನಗೆ ಹತ್ತು ನಿಮಿಷ ಕೊಟ್ಟಿದ್ದಾರೆ. ಹೋದ ವರ್ಷ ಹಿಂದಿನ ಮ್ಯಾನೇಜರ್ ಎಲ್ಲ ವಿಭಾಗದ ಹೆಸರು ಹೇಳಿ ಲಾಂಡ್ರಿ ಒಂದನ್ನು ಮರೆತರಂತೆ. ಆ ಬೇಜಾರು ಇನ್ನೂ ಹೋಗಿಲ್ಲ. ಈ ಸಲ ದಸರಾದಲ್ಲಿ ಹತ್ತು ದಿನ ರಜೆ ರದ್ದು ಮಾಡಿದ್ದೆವು, ಸಂಬಳ ಏರಿಕೆಯೂ ಕಮ್ಮಿ ಇತ್ತು. ಹೆಸರು ಹಿಡಿದು ಥ್ಯಾಂಕ್ಸ್ ಹೇಳಲೇ, ಬೇಡವೇ? ರಜೆ ವಿಷಯ ಎತ್ತಲೇ? ಕನ್ನಡವೋ ಹಿಂದಿಯೋ?

ಉತ್ತರ: ಹತ್ತು ನಿಮಿಷ ಬೇಡ, ಐದು ಸಾಕು. ಉಳಿದ ಐದನ್ನು ಡಾನ್ಸ್ ಮಾಡುವವರಿಗೆ ಬಿಟ್ಟುಕೊಡಿ. ಅವರು ತಿಂಗಳಿಂದ ಡ್ಯೂಟಿ ಮುಗಿಸಿ ಬೇಸ್‌ಮೆಂಟಿನಲ್ಲಿ ಪ್ರಾಕ್ಟೀಸ್ ಮಾಡಿರುತ್ತಾರೆ.

ಹೋದ ವರ್ಷ ಲಾಂಡ್ರಿ ತಪ್ಪಿಹೋದದ್ದು ಮರೆವಿನಿಂದಲ್ಲ ಅನ್ನುವುದು ನನ್ನ ಊಹೆ. ಮಾತಿನ ಮಾದರಿಯೇ ತಪ್ಪಾಗಿತ್ತು. ನಮ್ಮ ಕಡೆ ಯಾವ ಸಮಾರಂಭ ಮಾಡಿದರೂ ಪ್ರಾರ್ಥನೆ, ಸ್ವಾಗತ, ದೀಪ, ಭಾಷಣ, ಕೊನೆಗೆ ವಂದನಾರ್ಪಣೆ ಇರುತ್ತದೆ. ವಂದನಾರ್ಪಣೆ ಅಂದರೆ ಪಟ್ಟಿ. ಮೈಕ್ ಸೆಟ್‌ನವರಿಂದ ಹಿಡಿದು ಶಾಮಿಯಾನದವರ ತನಕ ಯಾರೂ ಬಿಟ್ಟುಹೋಗಬಾರದು, ಅದೇ ಅದರ ಕೆಲಸ. ಮ್ಯಾನೇಜರುಗಳು ‘ಥ್ಯಾಂಕ್ಸ್ ಹೇಳುವ ಭಾಷಣ’ ಅಂದ ತಕ್ಷಣ ಈ ವಂದನಾರ್ಪಣೆಯನ್ನೇ ಮಾಡಲು ಹೊರಡುತ್ತಾರೆ. ಪಟ್ಟಿ ಓದಲು ಶುರು ಮಾಡಿದಿರೋ, ಕೆಳಗೆ ಕೂತವರೆಲ್ಲ ಪಟ್ಟಿಯನ್ನೇ ಪರೀಕ್ಷೆ ಮಾಡುತ್ತಾರೆ. ನೀವೇನು ಹೇಳಿದಿರಿ ಅನ್ನುವುದು ಯಾರಿಗೂ ಬೇಕಿಲ್ಲ. ನಮ್ಮ ವಿಭಾಗ ಬಂತೋ ಇಲ್ಲವೋ, ಬಂದರೆ ಎಷ್ಟನೆಯದಾಗಿ ಬಂತು ಅಂತ ನೋಡುತ್ತಾರೆ. ಆದ್ದರಿಂದ ಪಟ್ಟಿಯನ್ನು ಎಚ್‌ಆರ್‌ನವರ ವಂದನಾರ್ಪಣೆಗೆ ದಾಟಿಸಿಬಿಡಿ. ಮಾಲೀಕರಿಗೆ, ಅತಿಥಿಗಳಿಗೆ ಹೇಳಬೇಕಾದ ಉದ್ದನೆಯ ಧನ್ಯವಾದವೂ ಅಲ್ಲಿಗೇ ಹೋಗಲಿ.

ನಾನು 31 ವರ್ಷ ಹೋಟೆಲುಗಳಲ್ಲಿ ಇದ್ದವನು, ಅದರಲ್ಲಿ 12 ವರ್ಷ ನಿಮ್ಮ ಕುರ್ಚಿಯಲ್ಲೇ ಕೂತಿದ್ದೆ. ಮೊದಲ ವಾರ್ಷಿಕೋತ್ಸವದಲ್ಲಿ ನಾನೂ ಪಟ್ಟಿ ಓದಿದೆ. ಯಾರನ್ನೂ ಬಿಡಲಿಲ್ಲ ಅನ್ನೋ ಹೆಮ್ಮೆಯಿಂದ ಕೆಳಗಿಳಿದೆ. ಹೌಸ್‌ಕೀಪಿಂಗ್ ನಮ್ಮ ಬೆನ್ನೆಲುಬು ಅಂದಿದ್ದೆ, ಕಿಚನ್ನೂ ಬೆನ್ನೆಲುಬು ಅಂದಿದ್ದೆ, ಆಮೇಲೆ ಮೇಂಟೆನೆನ್ಸೂ ಬೆನ್ನೆಲುಬು ಆಗಿಬಿಟ್ಟಿತ್ತು. ಊಟದ ಸಾಲಿನಲ್ಲಿ ಒಬ್ಬ ಹಳೇ ವೇಟರ್ ತಟ್ಟೆ ಹಿಡಿದುಕೊಂಡು ಕೇಳಿದ, ‘ಸಾರ್, ಒಂದು ಹೋಟೆಲಿಗೆ ಎಷ್ಟು ಬೆನ್ನೆಲುಬು ಇರುತ್ತೆ?’

## ಹೆಸರು ಹೇಳಿದರೆ ಹೊಟ್ಟೆಕಿಚ್ಚು ಅನ್ನುವ ಮಾತು

ಇದು ಅರ್ಧ ನಿಜ. ‘ಇವರು ನಮ್ಮ ಅತ್ಯುತ್ತಮ ಕೆಲಸಗಾರ’ ಅಂದರೆ ಪಕ್ಕದಲ್ಲಿ ಕೂತವನಿಗೆ ‘ನಾನಲ್ಲ’ ಅಂತ ಕೇಳಿಸುತ್ತದೆ. ಅಲ್ಲಿ ಹೊಟ್ಟೆಕಿಚ್ಚು ಬಂದೇ ಬರುತ್ತದೆ. ಆದರೆ ‘ಜುಲೈ ತಿಂಗಳ ಆ ರಾತ್ರಿ ಬಿಸಿನೀರು ನಿಂತುಹೋಯಿತು, ಇವರು ಹೀಗೆ ಮಾಡಿದರು’ ಅಂದರೆ ಯಾರೂ ಹೊಟ್ಟೆ ಉರಿದುಕೊಳ್ಳುವುದಿಲ್ಲ. ಆ ರಾತ್ರಿ ಅಲ್ಲಿ ಇದ್ದವರು ಯಾರು ಅಂತ ಎಲ್ಲರಿಗೂ ಗೊತ್ತು. ಹೆಸರಿನ ಜೊತೆ ಗುಣ ಸೇರಿಸಿದರೆ ಜಗಳ. ಘಟನೆ ಸೇರಿಸಿದರೆ ತಲೆ ಅಲ್ಲಾಡಿಸುತ್ತಾರೆ.

ಅಸಲು ತೊಂದರೆ ಬೇರೆ ಇದೆ. ಯಾವ ಘಟನೆ ನಿಮ್ಮ ನೆನಪಿಗೆ ಬರುತ್ತದೆ ಅನ್ನುವುದರಲ್ಲಿ ಇದೆ. ಅತಿಥಿಗಳು ಗೂಗಲ್ ರಿವ್ಯೂ ಬರೆಯುವಾಗ ಯಾರ ಹೆಸರು ಬರೆಯುತ್ತಾರೆ? ರಿಸೆಪ್ಷನ್ನಿನ ಹುಡುಗಿ, ಬೆಳಗಿನ ತಿಂಡಿಗೆ ದೋಸೆ ತಂದುಕೊಟ್ಟ ಹುಡುಗ, ಬಾಗಿಲಲ್ಲಿ ನಗುತ್ತಾ ಸಲಾಂ ಹೊಡೆದವರು. ಪಾತ್ರೆ ತೊಳೆಯುವವರ ಹೆಸರನ್ನು ಯಾವ ಅತಿಥಿಯೂ ಬರೆದದ್ದು ನಾನು ನೋಡಿಲ್ಲ. ಹಿಂದುಗಡೆ ಕೆಲಸ ಮಾಡುವವರದ್ದು ಒಂದು ವಿಚಿತ್ರ ಸ್ಥಿತಿ. ಅವರ ಕೆಲಸ ಚೆನ್ನಾಗಿ ಆದರೆ ಏನೂ ಆಗುವುದಿಲ್ಲ. ಫೋನ್ ಬರುವುದಿಲ್ಲ, ದೂರು ಇಲ್ಲ, ಯಾರಿಗೂ ಗೊತ್ತೇ ಆಗುವುದಿಲ್ಲ. ಕೆಟ್ಟಾಗ ಮಾತ್ರ ಅವರ ಹೆಸರು ನಿಮ್ಮ ಟೇಬಲ್ಲಿಗೆ ಬರುತ್ತದೆ. ಅದಕ್ಕೇ ಡಿಸೆಂಬರಿನಲ್ಲಿ ಪೆನ್ನು ಹಿಡಿದು ಯೋಚಿಸಿದರೆ ಫ್ರಂಟ್ ಆಫೀಸಿನ ನಾಲ್ಕು ಒಳ್ಳೆ ಕಥೆ ನೆನಪಾಗುತ್ತವೆ, ಲಾಂಡ್ರಿಯದ್ದು ಒಂದೂ ಇಲ್ಲ. ನೀವು ಬೇರೆ ಫ್ರಂಟ್ ಆಫೀಸಿನಿಂದಲೇ ಬಂದವರು. ನಿಮಗೆ ಈ ಅಪಾಯ ಸ್ವಲ್ಪ ಜಾಸ್ತಿಯೇ.

ಹಾಗಾಗಿ ಈ ಭಾಷಣವನ್ನು ನೆನಪಿನಿಂದ ಬರೆಯಬೇಡಿ. ಲಾಗ್ ಬುಕ್ಕಿನಿಂದ ಬರೆಯಿರಿ.

## ಮೂರು ಪುಸ್ತಕ, ಒಂದು ಪ್ರಶ್ನೆ

ಡ್ಯೂಟಿ ಮ್ಯಾನೇಜರ್ ಲಾಗ್ ಬುಕ್, ಮೇಂಟೆನೆನ್ಸ್‌ನ ದೂರಿನ ರಿಜಿಸ್ಟರ್, ಹೌಸ್‌ಕೀಪಿಂಗ್‌ನ ಲಾಸ್ಟ್ ಅಂಡ್ ಫೌಂಡ್ ರಿಜಿಸ್ಟರ್. ಈ ಮೂರನ್ನೂ ಒಂದು ಮಧ್ಯಾಹ್ನ ನಿಮ್ಮ ಟೇಬಲ್ಲಿಗೆ ತರಿಸಿಕೊಳ್ಳಿ. ಕಂಪ್ಯೂಟರಿನಲ್ಲಿದ್ದರೆ ಪ್ರಿಂಟ್ ತೆಗೆಸಿ. ರಾತ್ರಿ 11ರಿಂದ ಬೆಳಗ್ಗೆ 7ರ ನಡುವೆ ಬರೆದದ್ದನ್ನು ಮೊದಲು ಓದಿ. ನೀವು ಮಲಗಿದ್ದಾಗ ನಡೆದದ್ದು ಅದು.

ಆಮೇಲೆ ಪ್ರತಿ ವಿಭಾಗದ ಸೂಪರ್‌ವೈಸರನ್ನು ಒಬ್ಬೊಬ್ಬರನ್ನಾಗಿ ಕರೆಯಿರಿ. ‘ಈ ವರ್ಷ ಯಾರು ಚೆನ್ನಾಗಿ ಕೆಲಸ ಮಾಡಿದರು?’ ಅಂತ ಮಾತ್ರ ಕೇಳಬೇಡಿ. ಕೇಳಿದರೆ ಅವರ ಪಕ್ಕದ ಊರಿನವನ ಹೆಸರು ಬರುತ್ತದೆ. ಹೀಗೆ ಕೇಳಿ: ‘ಈ ವರ್ಷ ಯಾವ ದಿನ ನಿಮ್ಮ ವಿಭಾಗ ಕೈಕೊಡುವುದರಲ್ಲಿತ್ತು? ಯಾಕೆ ಕೈಕೊಡಲಿಲ್ಲ?’ ಇದಕ್ಕೆ ಉತ್ತರ ಹೇಳುವಾಗ ಮನುಷ್ಯ ಘಟನೆಯನ್ನೇ ಹೇಳಬೇಕಾಗುತ್ತದೆ. ದಿನ, ಹೊತ್ತು, ಯಾರು ಎಲ್ಲಿದ್ದರು, ಎಲ್ಲ ಹೊರಗೆ ಬರುತ್ತದೆ. ಹತ್ತು ಹನ್ನೆರಡು ಕಥೆ ಸಿಗುತ್ತವೆ. ನಾಲ್ಕು ಆರಿಸಿಕೊಳ್ಳಿ. ಅದರಲ್ಲಿ ಎರಡಾದರೂ ಅತಿಥಿ ಕಣ್ಣಿಗೆ ಬೀಳದ ಕೆಲಸದ್ದಾಗಿರಲಿ. ಒಂದು ರಾತ್ರಿ ಪಾಳಿಯದ್ದು, ಒಂದು ಗುತ್ತಿಗೆಯವರದ್ದು ಇರಲಿ. ಒಂದರಲ್ಲಿ ಒಬ್ಬರ ಬದಲು ಇಡೀ ತಂಡ ಇರಲಿ.

ಆರಿಸಿದ ಮೇಲೆ ಇನ್ನೊಂದು ಕೆಲಸ ಇದೆ. ‘ಅಲ್ಲಿ ಇನ್ಯಾರು ಇದ್ದರು?’ ಅಂತ ಕೇಳುವುದು. ಇದನ್ನು ಬಿಟ್ಟರೆ ಏನಾಗುತ್ತದೆ ಅನ್ನುವುದನ್ನು ನನ್ನದೇ ಅನುಭವದಿಂದ ಹೇಳುತ್ತೇನೆ.

ನಾನಿದ್ದ ಒಂದು ಹೋಟೆಲಿನಲ್ಲಿ ಮದುವೆಗೆ ಬಂದಿದ್ದ ಒಬ್ಬರ ವಜ್ರದ ಮೂಗುಬೊಟ್ಟು ಕಳೆದುಹೋಗಿ ಸಿಕ್ಕಿತು. ಹೌಸ್‌ಕೀಪಿಂಗ್ ಸೂಪರ್‌ವೈಸರ್ ಒಪ್ಪಿಸಿದರು ಅಂತ ರಿಜಿಸ್ಟರಿನಲ್ಲಿತ್ತು. ಅವರ ಹೆಸರು ಬರೆದುಕೊಂಡೆ. ಆಮೇಲೆ ಸುಮ್ನೆ ಒಂದು ಮಾತು ಅಂತ ಲಾಂಡ್ರಿಗೆ ಹೋಗಿ ಕೇಳಿದರೆ ಕಥೆ ಬೇರೆ. ಬೊಟ್ಟು ಇದ್ದದ್ದು ದಿಂಬಿನ ಕವರಿನ ಒಳಮೂಲೆಯಲ್ಲಿ. ಕೊಳೆ ಬಟ್ಟೆ ಬೇರೆ ಬೇರೆ ಮಾಡುವ ಜಾಗದಲ್ಲಿ ಒಡಿಶಾದ ಒಬ್ಬ ಹುಡುಗ ಪ್ರತಿ ಕವರನ್ನೂ ಒಳಹೊರಗು ಮಾಡಿ ಒದರುತ್ತಿದ್ದ. ಮಾಡು ಅಂತ ಅವನಿಗೆ ಯಾರೂ ಹೇಳಿರಲಿಲ್ಲ. ಹಿಂದೊಮ್ಮೆ ಕವರಿನೊಳಗೆ ಪೆನ್ನು ಸಿಕ್ಕಿಹಾಕಿಕೊಂಡು ಇಡೀ ಮಷೀನಿನ ಬಟ್ಟೆಗೆ ಇಂಕು ಹಿಡಿದಿತ್ತಂತೆ. ಅಂದಿನಿಂದ ಅವನು ಶುರು ಮಾಡಿಕೊಂಡ ಪದ್ಧತಿ ಅದು. ಸೂಪರ್‌ವೈಸರ್ ಮೋಸ ಮಾಡಿರಲಿಲ್ಲ. ರಿಜಿಸ್ಟರಿನಲ್ಲಿ ಸಹಿ ಹಾಕುವವರು ಅವರು, ಅಷ್ಟೇ. ಆದರೆ ನಾನು ವೇದಿಕೆ ಮೇಲೆ ಅವರ ಹೆಸರು ಹೇಳಿದ್ದರೆ ಲಾಂಡ್ರಿಯಲ್ಲಿ ಮತ್ತೊಂದು ವರ್ಷ ಮಾತಾಗುತ್ತಿತ್ತು.

ಇಲ್ಲೇ ಇನ್ನೊಂದು ಸೂಕ್ಷ್ಮ ಇದೆ. ನಾನು ಮೊದಲು ಬರೆದದ್ದು ‘ಅವನ ಪ್ರಾಮಾಣಿಕತೆಗೆ ಧನ್ಯವಾದ’ ಅಂತ. ಭಾಷಣಕ್ಕೆ ಮುಂಚೆ ಹೌಸ್‌ಕೀಪಿಂಗ್‌ನ ಹಿರಿಯ ಹೆಂಗಸೊಬ್ಬರಿಗೆ ಓದಿ ತೋರಿಸಿದೆ. ಅವರು ಹೇಳಿದರು, ‘ಕದಿಯಲಿಲ್ಲ ಅಂತ ಥ್ಯಾಂಕ್ಸಾ ಸಾರ್? ಮಿಕ್ಕವರು ಕದೀತೀವಾ?’ ಬಾಯಿ ಮುಚ್ಚಿಕೊಂಡೆ. ಬಡವರ ಮಕ್ಕಳು ಬಂಗಾರ ವಾಪಸ್ ಕೊಟ್ಟರು ಅಂತ ಆಶ್ಚರ್ಯಪಡುವುದರಲ್ಲಿ ಒಂದು ಅವಮಾನ ಅಡಗಿದೆ. ಧನ್ಯವಾದ ಹೇಳಬೇಕಾದದ್ದು ಅವನ ಕೈಗೆಲಸಕ್ಕೆ. ಪ್ರತಿ ಕವರನ್ನೂ ಒದರಿ ನೋಡುವ ಆ ಪದ್ಧತಿಗೆ. ನಿಮ್ಮ ಲಾಸ್ಟ್ ಅಂಡ್ ಫೌಂಡ್ ರಿಜಿಸ್ಟರಿನಲ್ಲಿ ಇಂಥದ್ದು ಒಂದಾದರೂ ಇದ್ದೇ ಇರುತ್ತದೆ. ಲಾಂಡ್ರಿಯ ಹಳೇ ಬಾಕಿಯನ್ನೂ ಅದರಲ್ಲೇ ತೀರಿಸಬಹುದು. ‘ಹೋದ ವರ್ಷ ಮರೆತಿದ್ದೆವು, ಕ್ಷಮಿಸಿ’ ಅಂತ ಬಾಯಿಬಿಟ್ಟು ಹೇಳುವುದು ಬೇಡ. ಮೊದಲ ಕಥೆಯೇ ಲಾಂಡ್ರಿಯದ್ದಾದರೆ ಅವರಿಗೆ ಅರ್ಥವಾಗುತ್ತದೆ.

## ಕೇಳದೆ ಯಾರ ಕಥೆಯನ್ನೂ ಹೇಳಬೇಡಿ

ನಿಮ್ಮಲ್ಲಿ ಮನೆಯವರೂ ಬರುತ್ತಾರೆ ಅಂದಿರಿ. ಹಾಗಾದರೆ ಇದು ಮುಖ್ಯ. ನಾನೊಮ್ಮೆ ರಿಸೆಪ್ಷನ್ನಿನ ಹುಡುಗಿಯೊಬ್ಬಳನ್ನು ಬಹಳ ಹೊಗಳಿದೆ. ರಾತ್ರಿ ಕುಡಿದು ಗಲಾಟೆ ಮಾಡಿದ ಅತಿಥಿಯನ್ನು ಅವಳು ಒಬ್ಬಳೇ ಸಂಭಾಳಿಸಿದ್ದಳು. ಜೋರು ಚಪ್ಪಾಳೆ ಬಿತ್ತು. ಮೂರನೇ ಸಾಲಿನಲ್ಲಿ ಅವಳ ಅಪ್ಪ ಕೂತಿದ್ದರು. ಮಗಳು ರಾತ್ರಿ ಪಾಳಿ ಮಾಡುತ್ತಾಳೆ ಅನ್ನುವುದೇ ಅವರಿಗೆ ಗೊತ್ತಿರಲಿಲ್ಲ. ಹದಿನೈದು ದಿನಕ್ಕೆ ಅವಳು ಕೆಲಸ ಬಿಟ್ಟಳು. ನಾನು ಹೊಗಳದಿದ್ದರೆ ಇನ್ನೂ ಇರುತ್ತಿದ್ದಳೇನೋ.

ಅಂದಿನಿಂದ ಯಾರ ಹೆಸರು ಹೇಳಬೇಕಿದ್ದರೂ ಎರಡು ದಿನ ಮೊದಲು ಅವರ ಹತ್ತಿರ ಹೋಗಿ, ‘ನಿಮ್ಮ ಬಗ್ಗೆ ಹೀಗೆ ಹೇಳುತ್ತೇನೆ, ಸರಿನಾ?’ ಅಂತ ಕೇಳುತ್ತಿದ್ದೆ. ಹೆಚ್ಚಿನವರು ನಾಚಿಕೊಂಡು ಒಪ್ಪುತ್ತಾರೆ. ಕೆಲವರು ‘ಇವರ ಹೆಸರೂ ಸೇರಿಸಿ ಸಾರ್’ ಅನ್ನುತ್ತಾರೆ. ಅದು ನಿಮಗೆ ಉಚಿತವಾಗಿ ಸಿಗುವ ತಿದ್ದುಪಡಿ. ಒಬ್ಬಿಬ್ಬರು ಬೇಡ ಅನ್ನುತ್ತಾರೆ, ಕಾರಣ ಕೇಳಬೇಡಿ. ‘ಸರ್‌ಪ್ರೈಸ್ ಹೋಗಿಬಿಡುತ್ತದಲ್ಲ’ ಅಂತ ಎಚ್‌ಆರ್‌ನವರು ಹೇಳಬಹುದು. ಹೋಗಲಿ ಬಿಡಿ.

ಅತಿಥಿಯ ಹೆಸರು, ರೂಮ್ ನಂಬರ್, ಯಾವ ಕಂಪನಿಯವರು, ಏನು ಕುಡಿದಿದ್ದರು, ಇವು ಯಾವುದೂ ಬೇಡ. ಇಡೀ ಮಾತನ್ನು ಯಾರಾದರೂ ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತಿರುತ್ತಾರೆ ಅಂತಲೇ ತಿಳಿದುಕೊಳ್ಳಿ.

## ದಸರಾ ರಜೆಯ ವಿಷಯ

ಎತ್ತಲೇಬೇಕು. ಎಲ್ಲರ ತಲೆಯಲ್ಲೂ ಇರುವ ವಿಷಯವನ್ನು ಬಿಟ್ಟು ಮಾತಾಡಿದರೆ ಮಿಕ್ಕ ಮಾತಿಗೂ ಬೆಲೆ ಇರುವುದಿಲ್ಲ. ಆದರೆ ಭಾಷಣಕ್ಕೆ ಮೊದಲು ಒಂದು ಲೆಕ್ಕ ಚುಕ್ತಾ ಮಾಡಿ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ, ಅದರ ಮೇಲೆ ದುಡಿದರೆ ದುಪ್ಪಟ್ಟು ದರ, ವಾರಕ್ಕೊಂದು ರಜೆ ಅನ್ನುವುದು ಅದರಲ್ಲಿ ಬಂದದ್ದು. ಆ ಹತ್ತು ದಿನಗಳ ಓವರ್‌ಟೈಮ್ ಆಗಲಿ, ತಪ್ಪಿದ ವಾರದ ರಜೆಯಾಗಲಿ ಬಾಕಿ ಇದ್ದರೆ ಮೊದಲು ಕೊಟ್ಟುಬಿಡಿ. ಬಾಕಿ ಇಟ್ಟುಕೊಂಡು ಮೈಕ್ ಹಿಡಿದು ಥ್ಯಾಂಕ್ಸ್ ಹೇಳಿದರೆ, ದುಡ್ಡಿನ ಬದಲು ಮಾತು ಕೊಟ್ಟ ಹಾಗೆ ಕೇಳಿಸುತ್ತದೆ. ಚೆನ್ನಾಗಿ ಮಾತಾಡಿದಷ್ಟೂ ಜಾಸ್ತಿ ಕೇಳಿಸುತ್ತದೆ.

ಚುಕ್ತಾ ಆದ ಮೇಲೂ ಒಂದು ಬಲೆ ಇದೆ. ‘ನಮ್ಮ ಹುಡುಗರು ಸತತ 16 ಗಂಟೆ ನಿಂತು ದುಡಿದರು’ ಅಂತ ಹೆಮ್ಮೆಯಿಂದ ಹೇಳುವುದು. ಮ್ಯಾನೇಜರುಗಳಿಗೆ ಇದು ಬಹಳ ಇಷ್ಟದ ಸಾಲು. ಅದರಲ್ಲಿ ಎರಡು ತಪ್ಪಿದೆ. ಕಾನೂನು ಮುರಿದದ್ದನ್ನು ನೀವೇ ಎಲ್ಲರ ಎದುರು ಒಪ್ಪಿಕೊಂಡ ಹಾಗಾಯಿತು. ಮುಂದಿನ ದಸರಾದಲ್ಲೂ ಇಷ್ಟೇ ದುಡಿಯಬೇಕು ಅಂತ ಸೂಚನೆ ಕೊಟ್ಟ ಹಾಗೂ ಆಯಿತು. ಡಬಲ್ ಡ್ಯೂಟಿ ಬಿದ್ದದ್ದು ನಮ್ಮ ಪ್ಲಾನಿಂಗ್ ಸೋತದ್ದರಿಂದ. ಅದನ್ನು ಅವರ ಶೌರ್ಯ ಅಂತ ಮಾರಬಾರದು. ‘ರೋಸ್ಟರ್ ಹಾಕುವುದರಲ್ಲಿ ನಾವು ಎಡವಿದೆವು, ಅದರ ಭಾರ ನಿಮ್ಮ ಮೇಲೆ ಬಿತ್ತು’ ಅಂದರೆ ಸಾಕು. ವೇದಿಕೆ ಮೇಲೆ ಕೂತ ಮಾಲೀಕರಿಗೆ ಇದು ಮುಜುಗರ ಆಗಬಹುದು. ಅದಕ್ಕೇ ಈ ಒಂದು ವಾಕ್ಯವನ್ನು ಮುಂಚೆಯೇ ಅವರಿಗೆ ಓದಿ ಹೇಳಿ. ಬೇಡ ಅಂದರೆ ‘ನಾವು’ ತೆಗೆದು ‘ನಾನು’ ಹಾಕಿ. ಅದಕ್ಕೆ ಯಾವ ಮಾಲೀಕರೂ ಬೇಡ ಅಂದದ್ದನ್ನು ನಾನು ಕಂಡಿಲ್ಲ!

ಸಂಬಳದ ಬಗ್ಗೆ ಮಾತ್ರ ಏನೂ ಹೇಳಬೇಡಿ. ‘ಮುಂದಿನ ವರ್ಷ ನೋಡೋಣ’ ಅನ್ನುವುದು ನಿಮ್ಮ ಕಿವಿಗೆ ನಯವಾದ ಜಾರಿಕೆ. ಕೆಳಗೆ ಕೂತವರ ಕಿವಿಗೆ ಅದು ಮಾತುಕೊಟ್ಟ ಹಾಗೆ. ಬೋನಸ್ ಬಗ್ಗೆಯೂ ಎಚ್ಚರ. ಅರ್ಹರಿಗೆ ಕನಿಷ್ಠ ಶೇ. 8.33 ಬೋನಸ್ ಕೊಡಬೇಕಾದ್ದು ಕಾನೂನು. ಅದನ್ನೇ ‘ಆಡಳಿತ ಮಂಡಳಿಯ ಉಡುಗೊರೆ’ ಅಂತ ಘೋಷಿಸಿದರೆ ಅಕೌಂಟ್ಸ್‌ನವರೇ ಮೊದಲು ನಗುತ್ತಾರೆ.

‘ನಾವೆಲ್ಲ ಒಂದೇ ಕುಟುಂಬ’ ಅನ್ನುವ ಸಾಲನ್ನೂ ಈ ವರ್ಷದ ಮಟ್ಟಿಗೆ ಬಿಡಿ. ಹಬ್ಬಕ್ಕೆ ಊರಿಗೆ ಹೋಗಲಾಗದೆ ತಾಯಿಗೆ ಫೋನಿನಲ್ಲಿ ಸಮಜಾಯಿಷಿ ಹೇಳಿದವರು ಆ ಮಾತು ಕೇಳಿ ಪಕ್ಕದವರ ಮುಖ ನೋಡುತ್ತಾರೆ.

## ಹೆಸರಿನ ಮೂರು ದಾರಿ

ಯಾರ ಹೆಸರನ್ನೂ ಹೇಳದೆ ಕೆಲಸವನ್ನಷ್ಟೇ ಹೇಳಬಹುದು. ಅಪಾಯ ಇಲ್ಲ, ಆದರೆ ಸಪ್ಪೆ ಆಗುತ್ತದೆ. ಹೋದ ವರ್ಷದ ಬೇಜಾರಿದ್ದಾಗ ತಪ್ಪಿಸಿಕೊಂಡ ಹಾಗೂ ಕಾಣುತ್ತದೆ. ಇನ್ನೊಂದು ದಾರಿ 96 ಹೆಸರನ್ನೂ ಓದುವುದು. ಹೆಸರಿಗೆ ಮೂರು ಸೆಕೆಂಡ್ ಹಿಡಿದರೂ ಐದು ನಿಮಿಷ ಅದಕ್ಕೇ ಹೋಗುತ್ತದೆ. ಉಚ್ಚಾರ ತಪ್ಪುತ್ತದೆ. ನಡುವೆ ಒಂದು ಹೆಸರು ಬಿಟ್ಟರೆ ಲಾಂಡ್ರಿ ಕಥೆಯೇ ಮತ್ತೆ. ನಾನು ಹೇಳುವುದು ಮೂರನೆಯದು. ಮಾತಿನಲ್ಲಿ ನಾಲ್ಕು ಘಟನೆ, ಅದರಲ್ಲಿ ಬರುವಷ್ಟೇ ಹೆಸರು. 96 ಜನರ ಫೋಟೊ ಮತ್ತು ಹೆಸರು ಊಟದ ಹೊತ್ತಿನಲ್ಲಿ ಪರದೆ ಮೇಲೆ ಓಡುತ್ತಿರಲಿ. ತಮ್ಮ ಫೋಟೊ ಬಂದಾಗ ಮಕ್ಕಳು ಕಿರುಚುವುದನ್ನು ನೋಡುವುದೇ ಒಂದು ಚೆಂದ.

ಆ ಪಟ್ಟಿಯನ್ನು ಎಚ್‌ಆರ್‌ನ ಸಂಬಳದ ಪಟ್ಟಿಯಿಂದ ಮಾಡಬೇಡಿ. ಅದರಲ್ಲಿ ನಿಮ್ಮ 20 ಜನ ಗುತ್ತಿಗೆಯವರು ಇರುವುದಿಲ್ಲ. ಸಿಬ್ಬಂದಿ ಬಾಗಿಲ ಹತ್ತಿರ ಟೈಮ್ ಆಫೀಸಿನಲ್ಲಿ ಒಳಬರುವವರೆಲ್ಲ ಸಹಿ ಹಾಕುವ ರಿಜಿಸ್ಟರ್ ಇರುತ್ತದಲ್ಲ, ಅದರಿಂದ ಮಾಡಿ. ಸೆಕ್ಯುರಿಟಿ, ತೋಟದವರು, ಕೀಟನಾಶಕ ಹೊಡೆಯಲು ಬರುವವರು ಎಲ್ಲ ಅಲ್ಲಿ ಸಿಗುತ್ತಾರೆ. ಗುತ್ತಿಗೆಯವರಿಗೆ ವೇದಿಕೆ ಮೇಲಿಂದ ಥ್ಯಾಂಕ್ಸ್ ಹೇಳಿದರೆ ನಾಳೆ ಕಾಯಂ ಮಾಡಿ ಅಂತ ಕೇಳುತ್ತಾರೆ ಅನ್ನೋ ಹೆದರಿಕೆ ಕೆಲವು ಹೋಟೆಲುಗಳಲ್ಲಿ ಇದೆ. ಒಂದು ಧನ್ಯವಾದದ ಮಾತಿನಿಂದ ಯಾರೂ ಕಾಯಂ ಆಗುವುದಿಲ್ಲ. ಸಂಬಳ ಯಾರು ಕೊಡುತ್ತಾರೆ, ಕೆಲಸ ಯಾರು ಹೇಳುತ್ತಾರೆ ಅನ್ನುವಂಥ ವಿಷಯಗಳ ಮೇಲೆ ಅದು ನಿಂತಿದೆ.

## ಭಾಷೆ

ಕನ್ನಡದಲ್ಲೇ ಮಾತಾಡಿ. ಪ್ರತಿ ವಾಕ್ಯಕ್ಕೂ ಹಿಂದಿ ಅನುವಾದ ಬೇಡ. ಅದು ರೈಲ್ವೆ ಸ್ಟೇಷನ್ನಿನ ಘೋಷಣೆ ಥರ ಆಗುತ್ತದೆ, ಐದು ನಿಮಿಷ ಹತ್ತಾಗುತ್ತದೆ. ಒಂದೊಂದು ಘಟನೆ ಮುಗಿದ ಮೇಲೆ ಒಂದೇ ಸಾಲು ಹಿಂದಿಯಲ್ಲಿ ಹೇಳಿ. ಘಟನೆ ಹಿಂದಿ ಬಲ್ಲವರದ್ದೇ ಆಗಿದ್ದರೆ ಅದನ್ನು ಪೂರ್ತಿ ಹಿಂದಿಯಲ್ಲೇ ಹೇಳಿಬಿಡಿ. ಪಕ್ಕದಲ್ಲಿ ಕೂತ ಮೈಸೂರಿನವರು ಅರ್ಥ ಮಾಡಿಕೊಳ್ಳುತ್ತಾರೆ. ಒಡಿಯಾ, ಅಸ್ಸಾಮಿ, ನೇಪಾಳಿ ಒಂದೊಂದು ಸಾಲು ಕಂಠಪಾಠ ಮಾಡಿ ಒಪ್ಪಿಸುವ ಆಸೆ ಬಂದರೆ ತಡೆದುಕೊಳ್ಳಿ. ಚಪ್ಪಾಳೆ ಸಿಗುತ್ತದೆ, ಆದರೆ ಅದು ನಿಮಗೆ ಸಿಗುವ ಚಪ್ಪಾಳೆ. ಹೆಸರುಗಳ ಉಚ್ಚಾರ ಮಾತ್ರ ಅವರವರ ಬಾಯಿಂದಲೇ ಕೇಳಿ, ಕನ್ನಡ ಲಿಪಿಯಲ್ಲಿ ಬರೆದುಕೊಳ್ಳಿ. ಮನೆಯಿಂದ ಸಾವಿರಾರು ಕಿಲೋಮೀಟರ್ ದೂರ ಬಂದು ದುಡಿಯುವ ಹುಡುಗನಿಗೆ, ತನ್ನ ಹೆಸರು ಅಮ್ಮ ಕರೆಯುವ ಹಾಗೆ ಮೈಕಿನಲ್ಲಿ ಕೇಳಿಸಿದರೆ ಸಾಕು.

## ಒಂದು ಕರಡು

ಹೀಗಿರಬಹುದು. ಘಟನೆಗಳು ನಿಮ್ಮ ಲಾಗ್ ಬುಕ್ಕಿನವೇ ಆಗಲಿ, ಇದು ಅಚ್ಚು ಮಾತ್ರ.

‘ಎಲ್ಲರಿಗೂ ನಮಸ್ಕಾರ. ಮನೆಯವರು ಬಂದಿದ್ದೀರಿ, ಸಂತೋಷ. ನಿಮ್ಮ ಮನೆಯವರು ಇಲ್ಲಿ ಏನು ಮಾಡುತ್ತಾರೆ ಅಂತ ಇವತ್ತು ಸ್ವಲ್ಪ ಹೇಳುತ್ತೇನೆ.

ಲಾಂಡ್ರಿಯಿಂದ ಶುರು ಮಾಡುತ್ತೇನೆ. ಮೇ ತಿಂಗಳಲ್ಲಿ ಒಬ್ಬರ ಓಲೆ ಕಳೆಯಿತು. ರೂಮೆಲ್ಲ ಹುಡುಕಿದೆವು, ಸಿಗಲಿಲ್ಲ. ಸಿಕ್ಕಿದ್ದು ಲಾಂಡ್ರಿಯಲ್ಲಿ, ಯಾಕೆಂದರೆ (ಹೆಸರು) ದಿಂಬಿನ ಕವರನ್ನು ಒದರದೆ ಮಷೀನಿಗೆ ಹಾಕುವುದಿಲ್ಲ. ಒಂದು ದಿನವಲ್ಲ, ದಿನಾ. (ಹೆಸರು), ಆ ಪದ್ಧತಿಗೆ ಧನ್ಯವಾದ.

ನಮ್ಮಲ್ಲಿ 60 ರೂಮು. ದಿನಕ್ಕೆ 45 ತುಂಬಿದ್ದವು ಅಂತ ಇಟ್ಟುಕೊಳ್ಳಿ, ರೂಮಿಗೆ ಒಂದೇ ಹಾಸಿಗೆ ಅಂತ ಇಟ್ಟುಕೊಳ್ಳಿ. ಹಾಸಿಗೆ ಹಾಸುವಾಗ ನಾಲ್ಕು ಮೂಲೆ ಎತ್ತಬೇಕು. ಲೆಕ್ಕ ಹಾಕಿದೆ. ವರ್ಷಕ್ಕೆ 65,700 ಸಲ. ಹೌಸ್‌ಕೀಪಿಂಗ್‌ನವರು ಮನೆಗೆ ಬಂದು ಸೊಂಟ ನೋವು ಅಂದರೆ ನಂಬಿ.

ಜುಲೈನಲ್ಲಿ ಒಂದು ರಾತ್ರಿ ನಾಲ್ಕೂ ಇಪ್ಪತ್ತಕ್ಕೆ ಬಿಸಿನೀರು ನಿಂತಿತು. ಬೆಳಗ್ಗೆ ಆರಕ್ಕೆ 50 ಜನರ ಗುಂಪು ಸ್ನಾನಕ್ಕೆ ಏಳುವುದರಲ್ಲಿತ್ತು. ಮೇಂಟೆನೆನ್ಸ್‌ನ (ಹೆಸರು), ಅವರಿಗೆ ಟಾರ್ಚ್ ಹಿಡಿದು ನಿಂತ ಸೆಕ್ಯುರಿಟಿಯ (ಹೆಸರು), ಐದೂ ಮುಕ್ಕಾಲಿಗೆ ಸರಿ ಮಾಡಿದರು. ಒಬ್ಬ ಅತಿಥಿಯೂ ಫೋನ್ ಮಾಡಲಿಲ್ಲ. ನನಗೇ ಗೊತ್ತಾದದ್ದು ಲಾಗ್ ಬುಕ್ ಓದಿದಾಗ. ಇಬ್ಬರಿಗೂ ಧನ್ಯವಾದ, ಸ್ವಲ್ಪ ತಡವಾಗಿ.

ಜಂಬೂ ಸವಾರಿ ದಿನ ರಸ್ತೆಗಳು ಬಂದ್. ಮಧ್ಯಾಹ್ನದ ಪಾಳಿಯವರು ಬಸ್ಸು ಬಿಟ್ಟು ನಡೆದು ಬಂದರು. ರಾತ್ರಿ ಬನ್ನಿಮಂಟಪದಿಂದ ಪಂಜಿನ ಕವಾಯತು ನೋಡಿಕೊಂಡು ಅತಿಥಿಗಳೆಲ್ಲ ಒಟ್ಟಿಗೇ ಊಟಕ್ಕೆ ಬಂದರು. ಅವತ್ತಿನ ಪಾತ್ರೆಯ ರಾಶಿ ನಾನು ನೋಡಿದ್ದೇನೆ. ಕೊನೆಯ ಪಾತ್ರೆ ತೊಳೆದು ದೀಪ ಆರಿಸಿದವರು ಸ್ಟೀವರ್ಡಿಂಗ್‌ನ ಐದು ಜನ. ದಯವಿಟ್ಟು ಐವರೂ ಒಂದು ಸಲ ಎದ್ದು ನಿಲ್ಲಿ.

ಆ ಹತ್ತು ದಿನ ನಿಮ್ಮ ರಜೆ ರದ್ದು ಮಾಡಿದೆವು. ರೋಸ್ಟರ್ ಹಾಕುವುದರಲ್ಲಿ ನಾನು ಎಡವಿದೆ, ಭಾರ ನಿಮ್ಮ ಮೇಲೆ ಬಿತ್ತು. ಮುಂದಿನ ದಸರಾದ ರೋಸ್ಟರ್ ಒಂದು ತಿಂಗಳು ಮೊದಲೇ ಬೋರ್ಡಿನ ಮೇಲೆ ಇರುತ್ತದೆ.

ಈಗ ನಾನಿಲ್ಲಿ ಮಾತಾಡುತ್ತಿರುವಾಗ 14 ಜನ ಹೋಟೆಲ್ ನೋಡಿಕೊಳ್ಳುತ್ತಿದ್ದಾರೆ. ಅವರಿಗೆ ಇದನ್ನು ಇವತ್ತು ರಾತ್ರಿ ಹೇಳುತ್ತೇನೆ. ನಮಸ್ಕಾರ.’

ಸಮಾಧಾನವಾಗಿ ಓದಿದರೆ, ಚಪ್ಪಾಳೆ ಮತ್ತು ಹಿಂದಿ ಸಾಲು ಸೇರಿ ಐದು ನಿಮಿಷಕ್ಕೆ ಸರಿಹೋಗುತ್ತದೆ. ಗಡಿಯಾರ ಇಟ್ಟುಕೊಂಡು ಜೋರಾಗಿ ಒಂದು ಸಲ ಓದಿ ನೋಡಿ. ಕಾಗದ ಕೈಯಲ್ಲೇ ಇರಲಿ, ಹೆಸರು ತಪ್ಪುವುದಕ್ಕಿಂತ ಕಾಗದ ನೋಡುವುದು ವಾಸಿ. ರೋಸ್ಟರಿನ ಮಾತನ್ನು ನಾನು ಕರಡಿನಲ್ಲಿ ಸೇರಿಸಿದ್ದೇನೆ, ಯಾಕೆಂದರೆ ಅದಕ್ಕೆ ಮಾಲೀಕರ ದುಡ್ಡು ಬೇಕಾಗಿಲ್ಲ, ನಿಮ್ಮ ಕೈಯಲ್ಲೇ ಇದೆ. ಆದರೂ ಖಂಡಿತ ಆಗುತ್ತದೆ ಅಂತ ನಿಮಗೆ ಅನ್ನಿಸದಿದ್ದರೆ ಆ ಸಾಲು ಹೊಡೆದುಹಾಕಿ.

ಕಾರ್ಯಕ್ರಮದ ಹೊತ್ತು ಇನ್ನೂ ಗೊತ್ತು ಮಾಡಿಲ್ಲದಿದ್ದರೆ ಮಧ್ಯಾಹ್ನ ಮೂರೂವರೆಯಿಂದ ಆರು ಒಳ್ಳೆಯದು. ಬೆಳಗಿನ ಪಾಳಿ ಮುಗಿದಿರುತ್ತದೆ, ರಾತ್ರಿಯವರು ನಿದ್ದೆ ಮುಗಿಸಿ ಬರಬಹುದು, ಡಿನ್ನರ್ ಶುರುವಾಗಿರುವುದಿಲ್ಲ. ನಿಮ್ಮ ಮಾತು ಮೊದಲ ಒಂದೆರಡು ಡಾನ್ಸ್ ಆದ ಮೇಲೆ ಬರಲಿ. ಊಟಕ್ಕೆ ಮುಂಚಿನ ಕೊನೇ ಐಟಂ ಮಾತ್ರ ಆಗಬೇಡಿ. ಅಂದಹಾಗೆ, ಅವತ್ತಿನ ಊಟ ನಿಮ್ಮ ಕಿಚನ್ನಿನವರೇ ಮಾಡುತ್ತಿದ್ದಾರಾ? ಹಾಗಿದ್ದರೆ ಹೊರಗಿನ ಅಡುಗೆಯವರಿಗೆ ವಹಿಸಿ. ಇಲ್ಲವೇ ಬಡಿಸುವುದನ್ನಾದರೂ ನೀವು, ವಿಭಾಗದ ಮುಖ್ಯಸ್ಥರು ಮಾಡಿ. ಕಿಚನ್ನಿಗೆ ಥ್ಯಾಂಕ್ಸ್ ಹೇಳುವಾಗ ಅವರು ಒಲೆ ಮುಂದೆ ಬೆವರುತ್ತಿರಬಾರದು, ಅಲ್ವಾ?

ರಾತ್ರಿ 11ಕ್ಕೆ ಪಾಳಿ ಬದಲಾಗುವಾಗ ಅದೇ ಕಾಗದ ಹಿಡಿದು ಹೋಟೆಲಿಗೆ ಹೋಗಿ. ಡ್ಯೂಟಿಯಲ್ಲಿದ್ದ 14 ಜನ, ರಾತ್ರಿ ಪಾಳಿಗೆ ಬಂದವರು, ಬ್ರೀಫಿಂಗ್ ನಡೆಯುವ ಜಾಗದಲ್ಲಿ ಎಲ್ಲರನ್ನೂ ನಿಲ್ಲಿಸಿಕೊಂಡು ಪೂರ್ತಿ ಓದಿ. ಚಿಕ್ಕದು ಮಾಡಬೇಡಿ. ರಾತ್ರಿಯವರಿಗೆ ಓದುವಾಗ ಬಿಸಿನೀರಿನ ಘಟನೆಯನ್ನು ಮೊದಲು ತನ್ನಿ. ಊಟ ಮಿಕ್ಕಿದ್ದರೆ ಅಂತ ಕಾಯಬೇಡಿ, ಅವರ ಪಾಲಿನ ಊಟವನ್ನು ಸಂಜೆ ಬಡಿಸುವ ಮೊದಲೇ ತೆಗೆದಿಡಿಸಿ.